ಚಪ್ಪಲಿ ಕೇಳಿ ಬಂದ ಸತ್ತ ಗಂಡ

ಊರಾಚೆಯ ಸ್ಮಶಾನ. ಹತ್ತು ವಾರಗಳ ಹಿಂದೆ ಮಣ್ಣು ಮಾಡಿದ ಗೋರಿಯೊಂದರ ಸುತ್ತ ಊರಿಗೆ ಊರೇ ನೆರೆದಿದೆ. ಗುದ್ದಲಿ ಹಿಡಿದವರು ಅಗೆಯುತ್ತಿದ್ದಾರೆ. ಒಂದು ಬದಿಗೆ ಪಾದ್ರಿ ನಿಂತಿದ್ದಾರೆ, ಇನ್ನೊಂದು ಬದಿಗೆ ಒಲ್ಲದ ಮನಸ್ಸಿನಿಂದ ಬಂದ ಸರ್ಕಾರಿ ಅಧಿಕಾರಿ. ಮಣ್ಣು ಸರಿದು ಹೆಣ ಕಾಣಿಸಿದಾಗ ಜನ ಏನನ್ನು ನಿರೀಕ್ಷಿಸಿ ಹೆದರಿದ್ದರೋ ಅದೇ ಕಣ್ಣೆದುರಿಗಿದೆ. ಹೆಣ ನಾರುತ್ತಿಲ್ಲ. ಮೂಗು ಕೊಂಚ ಕುಸಿದಿದೆ, ಅಷ್ಟೇ. ಗಡ್ಡ, ಕೂದಲು, ಉಗುರು ಬೆಳೆದಂತಿವೆ. ಮೈಮೇಲಿನ ಹಳೇ ಚರ್ಮ ಬಿಳಿಚಿಕೊಂಡು ಸುಲಿದಿದ್ದು, ಅದರಡಿಯಲ್ಲಿ ಹೊಸ ಚರ್ಮ ಬಂದಂತಿದೆ. ಬಾಯಲ್ಲಿ ಹಸಿ ರಕ್ತ.

ಇದು 1725ರಲ್ಲಿ ಸರ್ಬಿಯಾದ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ನಡೆದದ್ದು. ಗೋರಿಯಲ್ಲಿದ್ದವನು ಅದೇ ಊರಿನ ಪೇತರ್ ಬ್ಲಾಗೊಯೆವಿಚ್. ಅಲ್ಲಿ ನಿಂತಿದ್ದ ಅಧಿಕಾರಿ ಫ್ರೊಂಬಾಲ್ಡ್ ಕಂಡದ್ದನ್ನೆಲ್ಲ ಬರೆದು ಮೇಲಿನವರಿಗೆ ಕಳಿಸಿದ. ಆ ವರದಿ ಅದೇ ವರ್ಷದ ಜುಲೈನಲ್ಲಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು. 'ವ್ಯಾಂಪೈರ್' ಎಂಬ ಮಾತು ಹಳ್ಳಿಯ ಗಡಿ ದಾಟಿ ಯುರೋಪಿನ ಓದುಗರ ಕೈಗೆ ಸಿಕ್ಕ ಆರಂಭದ ದಾಖಲೆಗಳಲ್ಲಿ ಅದೂ ಒಂದು.

ನಮಗೆ ಗೊತ್ತಿರುವ ವ್ಯಾಂಪೈರ್ ಬೇರೆಯೇ. ಕಪ್ಪು ನಿಲುವಂಗಿ, ಸುಣ್ಣದಂಥ ಬಿಳಿ ಮುಖ, ತೆಳ್ಳನೆ ಮೈ, ಎರಡು ಕೋರೆಹಲ್ಲು, ಬೆಟ್ಟದ ಮೇಲೊಂದು ಕೋಟೆ. ಮಾತಿನಲ್ಲಿ ಮೋಡಿ, ನಡಿಗೆಯಲ್ಲಿ ಗತ್ತು. ಕಿಸಿಲ್ಯೆವೊದ ಜನರಿಗೆ ಈ ಚಿತ್ರ ತೋರಿಸಿದ್ದರೆ ಯಾವುದೋ ಊರಿನ ಜಮೀನ್ದಾರ ಅಂದುಕೊಳ್ಳುತ್ತಿದ್ದರು. ಅವರ ವ್ಯಾಂಪೈರ್ ಬಾತುಕೊಂಡ, ಕೆಂಪೇರಿದ, ಶವದ ಬಟ್ಟೆಯಲ್ಲೇ ಇರುವ ನೆರೆಮನೆಯವ. ಅತಿಯಾಗಿ ಕುಡಿದು ಮುಖ ಕೆಂಪಾದವನನ್ನು ಕಂಡರೆ 'ವ್ಯಾಂಪೈರ್‌ನ ಹಾಗೆ ಕೆಂಪಾಗಿದ್ದಾನೆ' ಎನ್ನುವ ಮಾತು ಸರ್ಬಿಯನ್ ಭಾಷೆಯಲ್ಲಿದೆ. ಆ ಕೆಂಪು ಮುಖ ಈ ಬಿಳಿ ಮುಖವಾದದ್ದು ಹೇಗೆಂದು ತಿಳಿಯಬೇಕಾದರೆ ಮೊದಲು ಗೋರಿಯ ಬಳಿಗೇ ಹೋಗಬೇಕು.

ಎಂಟು ದಿನ, ಒಂಬತ್ತು ಸಾವು

ಪೇತರ್ ಸತ್ತ ಮೇಲೆ ಆ ಹಳ್ಳಿಯಲ್ಲಿ ಎಂಟು ದಿನದೊಳಗೆ ಒಂಬತ್ತು ಜನ ಸತ್ತರು. ಅವರಲ್ಲಿ ವಯಸ್ಸಾದವರೂ ಇದ್ದರು, ಹರೆಯದವರೂ ಇದ್ದರು. ಒಬ್ಬೊಬ್ಬರ ಕಾಯಿಲೆಯೂ ಒಂದೇ ದಿನದ್ದು. ಹಾಸಿಗೆಯಲ್ಲಿ ಮಲಗಿದವರು ಸಾಯುವ ಮುನ್ನ ಒಂದೇ ಮಾತು ಹೇಳಿದರು: ನಿದ್ದೆಯಲ್ಲಿ ಪೇತರ್ ಬಂದ, ಮೈಮೇಲೆ ಬಿದ್ದ, ಕತ್ತು ಹಿಸುಕಿದ. ಅವನ ಹೆಂಡತಿ ಬೇರೊಂದು ಸಂಗತಿ ಹೇಳಿದಳು. ಗಂಡ ರಾತ್ರಿ ಬಂದು ತನ್ನ 'ಓಪಾಂಕಿ' ಕೊಡು ಎಂದನಂತೆ. ಓಪಾಂಕಿ ಎಂದರೆ ಅಲ್ಲಿನ ರೈತರು ಮೆಟ್ಟುವ ತೊಗಲಿನ ಚಪ್ಪಲಿ. ಅದಾದ ಮೇಲೆ ಆಕೆ ಆ ಊರನ್ನೇ ಬಿಟ್ಟು ಹೋದಳು.

ಫ್ರೊಂಬಾಲ್ಡನ ವರದಿಯಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಈ ಚಪ್ಪಲಿಯ ಮಾತು. ಸತ್ತವನು ರಕ್ತ ಕೇಳಲಿಲ್ಲ, ಪ್ರಾಣ ಕೇಳಲಿಲ್ಲ. ಬದುಕಿದ್ದಾಗ ದಿನಾ ಹೊರಗೆ ಹೊರಡುವ ಮುಂಚೆ ಕೇಳುತ್ತಿದ್ದುದನ್ನೇ ಕೇಳಿದ. ಹಳ್ಳಿಯ ವ್ಯಾಂಪೈರ್ ಅಪರಿಚಿತನಲ್ಲ. ಅವನು ಮೊದಲು ಬರುವುದು ತನ್ನ ಮನೆಗೆ, ಆಮೇಲೆ ಬಂಧುಗಳ ಮನೆಗೆ, ಆಮೇಲೆ ಬೀದಿಗೆ.

ಊರಿನವರು ಫ್ರೊಂಬಾಲ್ಡನ ಬಳಿ ಹೋಗಿ ಗೋರಿ ತೆರೆಯಬೇಕು, ನೀನೂ ಬರಬೇಕು ಎಂದರು. ಬೆಲ್‌ಗ್ರೇಡಿನಿಂದ ಅಪ್ಪಣೆ ಬರಲಿ ಎಂದ ಅವನು. ಅಪ್ಪಣೆ ಬರುವಷ್ಟರಲ್ಲಿ ಊರೇ ಉಳಿಯುವುದಿಲ್ಲ, ತುರ್ಕರ ಕಾಲದಲ್ಲಿ ಹೀಗೇ ಆಗಿತ್ತು, ನೀನು ಬರದಿದ್ದರೆ ನಾವು ಊರು ಬಿಡುತ್ತೇವೆ ಎಂದರು ಅವರು. ಅವನು ಪಾದ್ರಿಯನ್ನು ಕರೆದುಕೊಂಡು ಹೋದ. ಹೆಣದ ಎದೆಗೆ ಚೂಪಾದ ಗೂಟ ಹೊಡೆದಾಗ ಕಿವಿ, ಬಾಯಿಗಳಿಂದ ರಕ್ತ ಹರಿಯಿತು ಎಂದು ಬರೆದಿದ್ದಾನೆ. ಆಮೇಲೆ ಹೆಣವನ್ನು ಸುಟ್ಟು ಬೂದಿ ಮಾಡಿದರು. ವರದಿಯ ಕೊನೆಯಲ್ಲಿ ಅವನದೊಂದು ವಿನಂತಿ ಇದೆ: ಇದರಲ್ಲಿ ತಪ್ಪಾಗಿದ್ದರೆ ಅದನ್ನು ನನ್ನ ಮೇಲೆ ಹೊರಿಸಬೇಡಿ, ಭಯದಿಂದ ಕಂಗೆಟ್ಟ ಜನರ ಮೇಲೆ ಹೊರಿಸಿ.

ಸರ್ಕಾರಿ ಕಡತಕ್ಕೆ ಬಂದ ಹೆಣ

ಸತ್ತವರು ಎದ್ದು ಬರುತ್ತಾರೆಂಬ ನಂಬಿಕೆ ಬಾಲ್ಕನ್ ಹಳ್ಳಿಗಳಲ್ಲಿ ಹಳೆಯದು. ಹೊಸದಾಗಿ ಬಂದದ್ದು ಅದನ್ನು ಬರೆದಿಡುವ ಕೈ. 1718ರ ಪಸ್ಸಾರೊವಿಟ್ಸ್ ಒಪ್ಪಂದದಲ್ಲಿ ಉತ್ತರ ಸರ್ಬಿಯಾ ತುರ್ಕರ ಕೈತಪ್ಪಿ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳಿಗೆ ಸೇರಿತು. 1739ರವರೆಗೆ ಅವರ ಕೈಯಲ್ಲೇ ಇತ್ತು. ಹೊಸ ಆಡಳಿತ ಎಂದರೆ ಕಂದಾಯ, ಸೈನ್ಯ, ವರದಿ. ಗಡಿಯಲ್ಲಿ ಪ್ಲೇಗಿನ ಭಯ ಸದಾ ಇದ್ದುದರಿಂದ, ಒಂದು ಹಳ್ಳಿಯಲ್ಲಿ ಸಾಲಾಗಿ ಜನ ಸತ್ತರೆಂದರೆ ಅಧಿಕಾರಿಗಳು ಹೋಗಿ ನೋಡಲೇಬೇಕಿತ್ತು. ಶತಮಾನಗಳಿಂದ ಹಳ್ಳಿಯವರು ತಮ್ಮೊಳಗೇ ಮುಗಿಸಿಕೊಳ್ಳುತ್ತಿದ್ದ ಕೆಲಸಕ್ಕೆ ಹೀಗೆ ಮೊದಲ ಬಾರಿಗೆ ಓದು ಬರಹ ಬಲ್ಲ ಸಾಕ್ಷಿಗಳು ಸಿಕ್ಕರು.

ಅಂಥ ಸಾಕ್ಷಿಗಳಲ್ಲಿ ದೊಡ್ಡವನು ಯೊಹಾನ್ ಫ್ಲೂಕಿಂಗರ್ ಎಂಬ ಸೇನಾ ವೈದ್ಯ. 1732ರ ಜನವರಿಯಲ್ಲಿ ಅವನು ಮೋರವಾ ನದಿ ಬಯಲಿನ ಮೆದ್ವೆಜಾ ಎಂಬ ಹಳ್ಳಿಗೆ ಹೋದ. ಅಲ್ಲಿ ಮೂರು ತಿಂಗಳಲ್ಲಿ ಹದಿನೇಳು ಜನ ಸತ್ತಿದ್ದರು. ಅದಕ್ಕೂ ಮುನ್ನ ಸೋಂಕು ರೋಗಗಳ ವೈದ್ಯನೊಬ್ಬ ಬಂದು ನೋಡಿ, ಸಾಂಕ್ರಾಮಿಕ ರೋಗದ ಗುರುತು ಕಾಣದೆ ಹೋಗಿದ್ದ. ಜನ ರಾತ್ರಿ ಎರಡು ಮೂರು ಮನೆಯವರು ಒಂದೇ ಮನೆಯಲ್ಲಿ ಸೇರಿ, ಕೆಲವರು ಮಲಗಿದರೆ ಕೆಲವರು ಎಚ್ಚರವಿದ್ದು ಕಾಯುತ್ತಿದ್ದರು.

ಹಳ್ಳಿಯವರು ಕಥೆಯನ್ನು ಹಿಂದಿನಿಂದ ಹೇಳಿದರು. ಐದಾರು ವರ್ಷದ ಕೆಳಗೆ ಅರ್ನೌತ್ ಪಾವ್ಲೆ ಎಂಬ ಹೈದುಕ್, ಅಂದರೆ ಗಡಿ ಕಾಯುವ ಸಿಪಾಯಿ, ಹುಲ್ಲಿನ ಬಂಡಿಯಿಂದ ಬಿದ್ದು ಕತ್ತು ಮುರಿದುಕೊಂಡು ಸತ್ತ. ಹಿಂದೆ ತುರ್ಕರ ಸೀಮೆಯಲ್ಲಿ ತನ್ನನ್ನೊಂದು ವ್ಯಾಂಪೈರ್ ಕಾಡಿತ್ತೆಂದೂ, ಅದರ ಗೋರಿಯ ಮಣ್ಣು ತಿಂದು ಅದರ ರಕ್ತ ಬಳಿದುಕೊಂಡು ಪಾರಾದೆನೆಂದೂ ಬದುಕಿದ್ದಾಗ ಹೇಳುತ್ತಿದ್ದನಂತೆ. ಸತ್ತ ಕೆಲವೇ ವಾರಗಳಲ್ಲಿ ಅವನೇ ಕಾಡತೊಡಗಿದ, ನಾಲ್ವರು ಸತ್ತರು. ನಲವತ್ತನೇ ದಿನ ಗೋರಿ ತೆರೆದು ಎದೆಗೆ ಗೂಟ ಹೊಡೆದಾಗ ಅವನು ನರಳಿದ ಸದ್ದು ಕೇಳಿತು. ಅವನು ದನಗಳನ್ನೂ ಹೀರಿದ್ದ, ಅಂಥ ಪ್ರಾಣಿಗಳ ಮಾಂಸ ತಿಂದವರಿಗೂ ಅದು ಅಂಟಿತು, ಈಗ ಸಾಯುತ್ತಿರುವುದು ಅದರಿಂದಲೇ. ಹಳ್ಳಿಯವರ ವಿವರಣೆ ಹೀಗೆ ಸಾಗಿತ್ತು.

ಫ್ಲೂಕಿಂಗರ್ ಗೋರಿಗಳನ್ನು ತೆಗೆಸಿ ಹೆಣಗಳನ್ನು ಒಂದೊಂದಾಗಿ ಕೊಯ್ದು ನೋಡಿದ. ಅವನ ವರದಿಗೆ 'ಕಂಡದ್ದು ಮತ್ತು ಕಂಡುಕೊಂಡದ್ದು' ಎಂಬರ್ಥದ ಲ್ಯಾಟಿನ್ ಹೆಸರಿದೆ. ನಮ್ಮ ಪೊಲೀಸ್ ಠಾಣೆಯ ಮಾತಿನಲ್ಲಿ ಹೇಳುವುದಾದರೆ ಅದೊಂದು ಮಹಜರು. ಮಿಲಿತ್ಸಾ ಎಂಬ ಅರವತ್ತು ವರ್ಷದ ಹೆಂಗಸು ಮಣ್ಣಾಗಿ ಮೂರು ತಿಂಗಳಾಗಿತ್ತು. ಗೋರಿಯಿಂದ ಮೇಲೆತ್ತಿದಾಗ ಸುತ್ತ ನಿಂತ ಹೈದುಕರು ಬೆರಗಾದರು. ಈಕೆಯನ್ನು ಚಿಕ್ಕಂದಿನಿಂದ ಬಲ್ಲೆವು, ಬದುಕಿರುವಷ್ಟು ಕಾಲ ಒಣಕಲು ಕಡ್ಡಿಯಂತಿದ್ದಳು, ಈ ಮೈ ಬಂದದ್ದು ಗೋರಿಯಲ್ಲೇ ಎಂದರು. ಹೆರಿಗೆಯಲ್ಲಿ ಸತ್ತ ಇಪ್ಪತ್ತರ ಸ್ತಾನಾಳ ಹೆಣದಲ್ಲಿ ಕೈಕಾಲಿನ ಹಳೇ ಚರ್ಮ ಉಗುರಿನ ಸಮೇತ ಕಳಚಿ, ಕೆಳಗೆ ಹೊಸ ಉಗುರು, ಹೊಸ ಚರ್ಮ ಕಂಡವು. ಇನ್ನೊಬ್ಬ ಯುವತಿ ಆರೋಗ್ಯವಾಗಿ ಮಲಗಿದವಳು ನಡುರಾತ್ರಿ ಚೀರಿ ಎದ್ದು, ಒಂಬತ್ತು ವಾರದ ಹಿಂದೆ ಸತ್ತ ಹುಡುಗನೊಬ್ಬ ಕತ್ತು ಹಿಸುಕಿದ ಎಂದಳು. ಎದೆನೋವು ಶುರುವಾಗಿ ಮೂರನೇ ದಿನ ತೀರಿಕೊಂಡಳು. ಅವಳ ಬಲಗಿವಿಯ ಕೆಳಗೆ ಬೆರಳುದ್ದದ ನೀಲಿಗಟ್ಟಿದ ಗುರುತಿತ್ತೆಂದು ವೈದ್ಯ ಬರೆದಿದ್ದಾನೆ. ಎರಡು ಹಲ್ಲು ನೆಟ್ಟ ತೂತುಗಳ ಮಾತು ಈ ವರದಿಗಳಲ್ಲಿ ಎಲ್ಲೂ ಇಲ್ಲ.

ಅದೇ ನೆಲದಲ್ಲಿ, ಅಕ್ಕಪಕ್ಕದ ಗುಂಡಿಗಳಲ್ಲಿ ಮಣ್ಣಾದ ಇನ್ನು ಕೆಲವರ ಹೆಣ ಪೂರ್ತಿ ಕೊಳೆತಿದ್ದವು. ಅದನ್ನೂ ಫ್ಲೂಕಿಂಗರ್ ತಪ್ಪದೆ ದಾಖಲಿಸಿದ. ಕೊಳೆತವರನ್ನು ಮತ್ತೆ ಗೋರಿಯಲ್ಲಿಟ್ಟರು. ಕೊಳೆಯದವರ ತಲೆ ಕಡಿದು, ಮೈ ಸುಟ್ಟು, ಬೂದಿಯನ್ನು ಮೋರವಾ ನದಿಗೆ ಚೆಲ್ಲಿದರು.

ಕಂಡದ್ದು ನಿಜ, ತಿಳಿದದ್ದು ತಪ್ಪು

ಈ ಜನ ಸುಳ್ಳು ಹೇಳಲಿಲ್ಲ. ಅವರಿಗೆ ಕಂಡದ್ದೆಲ್ಲ ಗೋರಿಯಲ್ಲಿ ನಿಜಕ್ಕೂ ಇತ್ತು. 1988ರಲ್ಲಿ ಪಾಲ್ ಬಾರ್ಬರ್ ಎಂಬ ಅಮೆರಿಕದ ವಿದ್ವಾಂಸ ಈ ಹಳೇ ವರದಿಗಳನ್ನು ವಿಧಿವಿಜ್ಞಾನದ ಪುಸ್ತಕಗಳ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿದ. ಹಳ್ಳಿಯವರು ಪಿಶಾಚಿಯ ಲಕ್ಷಣ ಎಂದುಕೊಂಡ ಒಂದೊಂದೂ ಹೆಣ ಕೊಳೆಯುವ ಹಾದಿಯಲ್ಲಿ ಬರುವ ಸಹಜ ಘಟ್ಟ ಎಂದು ಆಗ ಗೊತ್ತಾಯಿತು.

ಮಿಲಿತ್ಸಾ ದಪ್ಪಗಾದದ್ದನ್ನೇ ತೆಗೆದುಕೊಳ್ಳಿ. ಪ್ರಾಣ ಹೋದ ಮೇಲೂ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುವುದಿಲ್ಲ. ಅವು ಮೈಯನ್ನು ಒಳಗಿನಿಂದ ಕೊಳೆಸುತ್ತ ಅನಿಲ ಹುಟ್ಟಿಸುತ್ತವೆ. ಅದಕ್ಕೆ ಹೊರಹೋಗುವ ದಾರಿಯಿಲ್ಲದೆ ಹೊಟ್ಟೆ, ಎದೆ, ಮುಖ ಉಬ್ಬಿಕೊಳ್ಳುತ್ತವೆ. ಬಡಕಲು ಮುದುಕಿಯೂ ತುಂಬಿಕೊಂಡಂತೆ ಕಾಣುತ್ತಾಳೆ. ಅದೇ ಒತ್ತಡ ಶ್ವಾಸಕೋಶವನ್ನು ಅದುಮಿ, ಕೊಳೆತು ಕೆಂಪಾದ ದ್ರವವನ್ನು ಬಾಯಿ ಮೂಗುಗಳಿಗೆ ತಳ್ಳುತ್ತದೆ. ನೋಡಿದವರಿಗೆ ಅದು ರಕ್ತವೇ. ಸತ್ತವನ ಬಾಯಲ್ಲಿ ರಕ್ತ ಇರಬೇಕಾದರೆ ಯಾರದ್ದನ್ನೋ ಕುಡಿದಿರಬೇಕು ಎಂದು ಅವರು ತರ್ಕಿಸಿದರು. ಪೇತರ್ ಕುಡಿದ ಎಂದು ಸಾಯುವವರು ಯಾರೂ ಹೇಳಿರಲಿಲ್ಲ, ಕತ್ತು ಹಿಸುಕಿದ ಎಂದಷ್ಟೇ ಹೇಳಿದ್ದರು. ರಕ್ತ ಕುಡಿಯುವ ಮಾತು ಬಂದದ್ದು ಗೋರಿ ತೆರೆದ ಮೇಲೆ, ಅವನ ಬಾಯಿ ನೋಡಿ. ವ್ಯಾಂಪೈರ್ ಎಂದರೆ ರಕ್ತಹೀರುಕ ಎಂಬ ನಮ್ಮೆಲ್ಲರ ತಿಳಿವಳಿಕೆಗೆ ಈ ತರ್ಕ ಎಷ್ಟರಮಟ್ಟಿಗೆ ಬುನಾದಿ ಎಂದು ನೆನೆದರೆ ಆಶ್ಚರ್ಯವಾಗುತ್ತದೆ.

ಹೊಸ ಚರ್ಮದ ಕಥೆಯೂ ಹಾಗೆಯೇ. ಹೆಣದ ಹೊರಚರ್ಮ ಸಡಿಲವಾಗಿ, ಕೈಯಿಂದ ಕೈಗವಸು ಕಳಚಿದಂತೆ ಉಗುರಿನೊಂದಿಗೆ ಜಾರುತ್ತದೆ. ಅಡಿಯಲ್ಲಿ ಕಾಣುವುದು ಹಸಿಯಾದ ಒಳಚರ್ಮ, ಉಗುರಿನ ಬುಡದ ಹಾಸು. ಗಡ್ಡ ಬೆಳೆದಂತೆ ಕಾಣುವುದಕ್ಕೆ ಕಾರಣ ಗಡ್ಡವಲ್ಲ, ಒಣಗಿ ಹಿಂದೆ ಸರಿಯುವ ಚರ್ಮ. ಗೂಟ ಹೊಡೆದಾಗ ಕೇಳಿದ ನರಳಾಟ, ಎದೆಯೊಳಗೆ ಕಟ್ಟಿದ್ದ ಗಾಳಿ ಗಂಟಲ ಮೂಲಕ ಹೊರನುಗ್ಗಿದ ಸದ್ದು. ಸತ್ತ ಮೇಲೆ ಹೆಪ್ಪುಗಟ್ಟಿದ ರಕ್ತ ಎಷ್ಟೋ ಸಲ ಮತ್ತೆ ನೀರಾಗುವುದರಿಂದ, ಚುಚ್ಚಿದಾಗ ಹರಿಯುವುದರಲ್ಲೂ ಸೋಜಿಗವಿಲ್ಲ.

ಹತ್ತು ವಾರವಾದರೂ ಹೆಣ ಏಕೆ ಕೊಳೆತು ಹೋಗಿರಲಿಲ್ಲ? ಇದಕ್ಕೆ ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಧಿವಿಜ್ಞಾನಿ ಯೊಹಾನ್ ಲುಡ್ವಿಗ್ ಕ್ಯಾಸ್ಪರ್ ಒಂದು ಅಂದಾಜು ಲೆಕ್ಕ ಹೇಳಿದ್ದ. ಬಯಲ ಗಾಳಿಯಲ್ಲಿ ಒಂದು ವಾರದಲ್ಲಿ ಆಗುವಷ್ಟು ಕೊಳೆಯುವಿಕೆಗೆ ನೀರಿನಲ್ಲಿ ಎರಡು ವಾರ, ಮಣ್ಣಿನೊಳಗೆ ಎಂಟು ವಾರ ಬೇಕು. ಈ ಲೆಕ್ಕದಲ್ಲಿ ಪೇತರ್‌ನ ಹತ್ತು ವಾರ ಎಂದರೆ ಬಯಲಲ್ಲಿ ಸುಮಾರು ಒಂಬತ್ತು ದಿನ. ಹೆಣ ಬಾತು, ಚರ್ಮ ಜಾರಿ, ಬಾಯಿಂದ ದ್ರವ ಬರುವ ಹೊತ್ತು ಸರಿಯಾಗಿ ಅದೇ. ಮಣ್ಣು ತಣ್ಣಗಿದ್ದರೆ ಇನ್ನೂ ತಡ. ಅಕ್ಕಪಕ್ಕದ ಗೋರಿಗಳಲ್ಲೇ ಒಬ್ಬರು ಬೇಗ, ಒಬ್ಬರು ನಿಧಾನ ಕೊಳೆಯುವುದೂ ಇದೆ. ಸತ್ತ ಕಾಯಿಲೆ, ಗುಂಡಿಯ ಆಳ, ತೇವ, ಮೈಯ ಕೊಬ್ಬು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮಣ್ಣು ಮಾಡಿದ ಹೆಣವನ್ನು ಯಾರೂ ಸುಮ್ಮನೆ ತೆಗೆದು ನೋಡುವುದಿಲ್ಲವಲ್ಲ. ಊರಿಗೆ ಆಪತ್ತು ಬಂದಾಗ ಮಾತ್ರ ತೆಗೆದವರಿಗೆ, ಮಾಮೂಲಿ ಹೆಣ ಹೇಗಿರುತ್ತದೆಂದು ಹೋಲಿಸಲು ಬೇರೇನೂ ಇರಲಿಲ್ಲ.

ಇನ್ನುಳಿದದ್ದು ರಾತ್ರಿಯ ಒತ್ತಡ. ನಿದ್ದೆಯಿಂದ ಎಚ್ಚರವಾಗುವ ಗಳಿಗೆಯಲ್ಲಿ ಮನಸ್ಸು ಎದ್ದು ಮೈ ಇನ್ನೂ ಏಳದೇ ಇದ್ದಾಗ, ಎದೆಯ ಮೇಲೆ ಯಾರೋ ಕೂತು ಅದುಮಿದಂತೆ, ಕೋಣೆಯಲ್ಲಿ ಇನ್ನೊಬ್ಬರು ಇದ್ದಂತೆ ಅನಿಸುತ್ತದೆ. ವೈದ್ಯರು ಇದನ್ನು ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತಾರೆ. ನಮ್ಮ ಊರುಗಳಲ್ಲೂ ಇದನ್ನು ಅನುಭವಿಸಿ ಬೆವರಿ ಎದ್ದವರಿದ್ದಾರೆ. ಜ್ವರ ಏರಿದವರಿಗೆ, ಅದೂ ಮೊನ್ನೆ ಸತ್ತ ನೆರೆಯವನ ಸುದ್ದಿಯನ್ನೇ ಊರೆಲ್ಲ ಆಡುತ್ತಿರುವಾಗ, ಆ 'ಯಾರೋ' ಎಂಬುದಕ್ಕೆ ಮುಖ ಬರಲು ತಡವಾಗುವುದಿಲ್ಲ. ಸೋಂಕು ಹರಡುವುದು ಮನೆಯಿಂದ ಮನೆಗೆ, ಮೊದಲು ಶುಶ್ರೂಷೆ ಮಾಡಿದ ಬಂಧುಗಳಿಗೆ. ವ್ಯಾಂಪೈರ್ ಮೊದಲು ತನ್ನವರನ್ನೇ ಹಿಡಿಯುತ್ತದೆ ಎಂಬ ನಂಬಿಕೆ ರೋಗದ ಹಾದಿಯನ್ನು ತಪ್ಪಿಲ್ಲದೆ ಗುರುತಿಸಿತ್ತು, ಹೆಸರು ಮಾತ್ರ ತಪ್ಪಾಗಿತ್ತು.

ಮಹಾರಾಣಿಯ ಆಜ್ಞೆ

1755ರಲ್ಲಿ ಮೊರಾವಿಯಾ ಮತ್ತು ಸಿಲೇಸಿಯಾ ಗಡಿಯ ಹಳ್ಳಿಯೊಂದರಲ್ಲಿ ರೊಸೀನಾ ಪೊಲಾಕಿನ್ ಎಂಬಾಕೆಯ ಹೆಣವನ್ನು ಗೋರಿಯಿಂದ ತೆಗೆದು ಸುಟ್ಟರು. ಹೆಣವನ್ನು ಸ್ಮಶಾನದ ಗೋಡೆಯ ಕಿಂಡಿಯಿಂದ ಹೊರಗೆಳೆಯುವ ಕೆಲಸವನ್ನು ಆಕೆಯ ಮನೆಯವರಿಂದಲೇ ಮಾಡಿಸಿದರು. ಸುದ್ದಿ ಕೇಳಿದ ಮಹಾರಾಣಿ ಮರಿಯಾ ತೆರೇಸಾ ತನ್ನ ಆಸ್ಥಾನ ವೈದ್ಯ ಗೆರಾರ್ಡ್ ಫಾನ್ ಸ್ವೀಟೆನ್‌ನ ಅಭಿಪ್ರಾಯ ಕೇಳಿದಳು. ರೊಸೀನಾ ಸತ್ತದ್ದು ಡಿಸೆಂಬರಿನಲ್ಲಿ, ತೆಗೆದದ್ದು ಚಳಿಗಾಲದಲ್ಲೇ. ಅಂಥ ಚಳಿಯಲ್ಲಿ ಹೆಣ ಕೆಡದಿರುವುದು ಸಹಜ, ಇದೆಲ್ಲ ಅಜ್ಞಾನ ಎಂದ ಅವನು. ಇನ್ನು ಮುಂದೆ ಇಂಥ ಪ್ರಸಂಗಗಳನ್ನು ಸರ್ಕಾರಕ್ಕೆ ತಿಳಿಸದೆ ಯಾರೂ ಗೋರಿ ತೆಗೆಯಬಾರದು, ಹೆಣ ಸುಡಬಾರದು ಎಂದು ರಾಣಿ ಆಜ್ಞೆ ಹೊರಡಿಸಿದಳು.

ಆ ಕಿಂಡಿಯ ದೃಶ್ಯವನ್ನು ಮರೆಯುವುದು ಕಷ್ಟ. ವ್ಯಾಂಪೈರ್ ನಂಬಿಕೆಯ ನಿಜವಾದ ಬಲಿಗಳು ರಾತ್ರಿ ಹೆದರಿದವರು ಮಾತ್ರವಲ್ಲ. ತಮ್ಮ ತಾಯಿಯ, ಮಗಳ ಹೆಣವನ್ನು ಊರೆದುರು ಎಳೆದು ಕೊಡಬೇಕಾಗಿ ಬಂದವರೂ ಹೌದು.

ಹಳ್ಳಿಯಿಂದ ದಿವಾನಖಾನೆಗೆ

ಅಷ್ಟರಲ್ಲಿ ಫ್ಲೂಕಿಂಗರನ ಮಹಜರು ಯುರೋಪೆಲ್ಲ ಸುತ್ತಿತ್ತು. 1732ರಲ್ಲೇ ಅದು ಲಂಡನ್ನಿನ ಪತ್ರಿಕೆಗಳಲ್ಲಿ ಬಂತು. ಜರ್ಮನಿಯ ವಿದ್ವಾಂಸರು ಅದರ ಮೇಲೆ ಪುಸ್ತಕ ಬರೆದರು, ಫ್ರಾನ್ಸಿನ ಸನ್ಯಾಸಿ ಕಾಲ್ಮೆ 1746ರಲ್ಲಿ ದೊಡ್ಡ ಗ್ರಂಥವನ್ನೇ ತಂದ. ವಾದ ಮುಗಿಯಿತು, ಪದ ಉಳಿಯಿತು.

1816ರ ಬೇಸಿಗೆ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದದ್ದರಿಂದ ಯುರೋಪಿನಲ್ಲಿ ಬಿಸಿಲೇ ಇರಲಿಲ್ಲ. ಜಿನೀವಾ ಸರೋವರದ ದಂಡೆಯ ಬಂಗಲೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಗೆಳೆಯರು ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದರು. ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' ಹುಟ್ಟಿದ್ದು ಅಲ್ಲೇ. ಕವಿ ಬೈರನ್ ಒಂದು ತುಣುಕು ಬರೆದು ಬಿಟ್ಟ. ಅವನ ಜೊತೆಗಿದ್ದ ಯುವ ವೈದ್ಯ ಜಾನ್ ಪೊಲಿಡೋರಿ ಆ ಎಳೆಯನ್ನೆತ್ತಿಕೊಂಡು 'ದಿ ವ್ಯಾಂಪೈರ್' ಬರೆದ. ಅದು 1819ರಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಬೈರನ್ನನ ಹೆಸರಿನಲ್ಲೇ ಅಚ್ಚಾಯಿತು.

ಪೊಲಿಡೋರಿಯ ಲಾರ್ಡ್ ರುತ್‌ವೆನ್ ಬಿಳಿಚಿದ ಮುಖದ ಸಿರಿವಂತ. ಲಂಡನ್ನಿನ ಔತಣಗಳಲ್ಲಿ ಹೆಂಗಸರ ಕಣ್ಣೆಲ್ಲ ಅವನ ಮೇಲೆ. ಆ ಪಾತ್ರದಲ್ಲಿ ಓದುಗರಿಗೆ ಕಂಡದ್ದು ಬೈರನ್ನನೇ. ಅದೇ ಪತ್ರಿಕೆಯಲ್ಲಿ ಕಥೆಗೆ ಮುನ್ನ ಒಂದು ಪೀಠಿಕೆಯೂ ಇತ್ತು, ಅದರಲ್ಲಿ ಹುಲ್ಲಿನ ಬಂಡಿಯಿಂದ ಬಿದ್ದ ನಮ್ಮ ಅರ್ನೌತ್ ಪಾವ್ಲೆಯ ಕಥೆಯನ್ನು ಹೇಳಲಾಗಿತ್ತು. ಪೀಠಿಕೆಯಲ್ಲಿ ರೈತ, ಪುಟ ಮಗುಚಿದರೆ ಲಾರ್ಡ್. ಹಳ್ಳಿಯ ವ್ಯಾಂಪೈರ್ ಕೈಬದಲಾದ ಜಾಗವನ್ನು ಬೆರಳಿಟ್ಟು ತೋರಿಸಬೇಕೆಂದರೆ ನಾನು ತೋರಿಸುವುದು ಈ ಪತ್ರಿಕೆಯನ್ನೇ.

ಹೀಗೆ ಬದಲಾದಾಗ ಅರ್ಥವೂ ಬದಲಾಯಿತು. ಹಳ್ಳಿಯವರದು ಒಂದು ಕಾಯಿಲೆಗೆ ಕಾರಣ ಹುಡುಕುವ ಪರದಾಟ. ಕಾದಂಬರಿಗೆ ಕಾಯಿಲೆ ಬೇಕಿರಲಿಲ್ಲ. ಅದಕ್ಕೆ ಬೇಕಾದದ್ದು ಬಯಕೆ, ಮೋಹ, ಹಣವಂತರ ಮೇಲಿನ ಅಳುಕು. ಬಾತ ಹೆಣದ ಬಗ್ಗೆ ಯಾರಿಗೂ ಮೋಹ ಹುಟ್ಟುವುದಿಲ್ಲವಾದ್ದರಿಂದ ಮೊದಲು ಹೋಗಬೇಕಾದದ್ದು ಹೆಣ. ಆಮೇಲೆ ಹೋದದ್ದು ಬಂಧುತ್ವ. ಹೊಸ ವ್ಯಾಂಪೈರ್ ದೂರದೂರಿನವನಾದ, ನೆರೆಯವನಾಗಿ ಉಳಿಯಲಿಲ್ಲ. 1870ರ ದಶಕದ ಆರಂಭದಲ್ಲಿ ಐರ್ಲೆಂಡಿನ ಶೆರಿಡನ್ ಲಿ ಫಾನು ಬರೆದ 'ಕಾರ್ಮಿಲ್ಲಾ'ದಲ್ಲಿ ವ್ಯಾಂಪೈರ್ ಮನೆಗೆ ಅತಿಥಿಯಾಗಿ ಬಂದ ಸುಂದರಿ.

ಕೌಂಟ್‌ನ ಬಟ್ಟೆ ಹೊಲಿದವರು

ಬ್ರಾಮ್ ಸ್ಟೋಕರ್ 1897ರಲ್ಲಿ 'ಡ್ರಾಕುಲಾ' ಪ್ರಕಟಿಸಿದ. ಅವನು ಟ್ರಾನ್ಸಿಲ್ವೇನಿಯಾಕ್ಕೆ ಕಾಲಿಟ್ಟವನಲ್ಲ. 1890ರಲ್ಲಿ ಇಂಗ್ಲೆಂಡಿನ ವಿಟ್ಬಿ ಎಂಬ ಕಡಲೂರಿನ ಗ್ರಂಥಾಲಯದಲ್ಲಿ ವಲಾಕಿಯಾ ಸೀಮೆಯ ಚರಿತ್ರೆಯ ಪುಸ್ತಕವೊಂದು ಸಿಕ್ಕಿ, ಅದರಲ್ಲಿ 'ಡ್ರಾಕುಲಾ' ಎಂಬ ಹೆಸರು ಕಣ್ಣಿಗೆ ಬಿತ್ತು. ಅದಕ್ಕೂ ಮುನ್ನ ಅವನ ಟಿಪ್ಪಣಿಯಲ್ಲಿದ್ದ ಹೆಸರು ಕೌಂಟ್ ವ್ಯಾಂಪಿರ್. ಟ್ರಾನ್ಸಿಲ್ವೇನಿಯಾದ ನಂಬಿಕೆಗಳ ವಿವರವನ್ನು ಎಮಿಲಿ ಜೆರಾರ್ಡ್ ಎಂಬ ಲೇಖಕಿಯ 1885ರ ಲೇಖನದಿಂದ ತೆಗೆದುಕೊಂಡ.

ಸ್ಟೋಕರನ ಕೌಂಟ್ ನಮ್ಮ ಸಿನಿಮಾದ ಕೌಂಟ್ ಅಲ್ಲ. ಬಿಳಿ ಮೀಸೆಯ ಮುದುಕ, ಅಂಗೈಯಲ್ಲಿ ರೋಮ, ಉಸಿರಿನಲ್ಲಿ ದುರ್ವಾಸನೆ. ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕಡಿಮೆ ಅಷ್ಟೇ. ಕೋಟೆಯಲ್ಲಿ ಸೆರೆಯಾದ ಜೊನಾಥನ್ ಹಾರ್ಕರ್ ಒಂದು ದಿನ ಅವನ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುತ್ತಾನೆ. ಅಲ್ಲಿ ಕೌಂಟ್ ಮುಖ ಕೆಂಪೇರಿ, ಬಾಯಂಚಿನಲ್ಲಿ ರಕ್ತ ಸೋರಿ, ಹೊಟ್ಟೆ ತುಂಬಿದ ಜಿಗಣೆಯಂತೆ ಬಾತು ಮಲಗಿದ್ದಾನೆ. ಆ ಒಂದು ಪುಟದಲ್ಲಿ ಕಿಸಿಲ್ಯೆವೊದ ಪೇತರ್ ಇಣುಕಿ ಮರೆಯಾಗುತ್ತಾನೆ.

ಉಳಿದ ಒಪ್ಪ ಓರಣವೆಲ್ಲ ರಂಗಭೂಮಿ, ಸಿನಿಮಾದವರದು. ಬಿಸಿಲು ತಾಗಿದರೆ ವ್ಯಾಂಪೈರ್ ಸಾಯುತ್ತದೆ ಎಂಬುದನ್ನು ಜನಜನಿತ ಮಾಡಿದ್ದು 1922ರ ಜರ್ಮನ್ ಮೂಕಿ ಚಿತ್ರ 'ನೊಸ್ಫೆರಾಟು'. ಸ್ಟೋಕರನ ಹೆಂಡತಿಯ ಅನುಮತಿಯಿಲ್ಲದೆ ತೆಗೆದ ಆ ಚಿತ್ರದ ಪ್ರತಿಗಳನ್ನು ನಾಶಮಾಡಲು ನ್ಯಾಯಾಲಯ ಹೇಳಿತ್ತು, ಕೆಲವು ಉಳಿದುಕೊಂಡವು. 1924ರಲ್ಲಿ ಹ್ಯಾಮಿಲ್ಟನ್ ಡೀನ್ ಕಾದಂಬರಿಯನ್ನು ನಾಟಕ ಮಾಡಿದಾಗ ಕೌಂಟ್ ದಿವಾನಖಾನೆಯಲ್ಲಿ ಕೂತು ಮಾತಾಡುವ ಸಭ್ಯನಾಗಬೇಕಾಯಿತು. ಸಂಜೆಯ ಸೂಟು, ಎತ್ತರದ ಕಾಲರಿನ ನಿಲುವಂಗಿ ಬಂದದ್ದು ಆಗ. 1931ರ ಚಿತ್ರದಲ್ಲಿ ಬೇಲಾ ಲುಗೋಸಿ ಅದನ್ನೇ ತೊಟ್ಟು ಬಂದ. 1976ರ ಆನ್ ರೈಸ್ ಕಾದಂಬರಿಯಲ್ಲಿ ವ್ಯಾಂಪೈರ್ ತನ್ನ ದುಃಖವನ್ನು ತಾನೇ ತೋಡಿಕೊಂಡಿತು. 2005ರ 'ಟ್ವೈಲೈಟ್' ಹೊತ್ತಿಗೆ ಶಾಲೆಗೆ ಹೋಗುವ ಚೆಲುವ ಪ್ರೇಮಿಯಾಯಿತು.

ನಮ್ಮ ಬೇತಾಳ

ವ್ಯಾಂಪೈರ್ ಎಂದಾಗ ನಮ್ಮಲ್ಲಿ ಹಲವರಿಗೆ ಬೇತಾಳ ನೆನಪಾಗುತ್ತದೆ. ಇದರಲ್ಲಿ ರಿಚರ್ಡ್ ಬರ್ಟನ್‌ನ ಪಾಲೂ ಇದೆ. 1870ರಲ್ಲಿ ಅವನು ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತಂದಾಗ 'ವಿಕ್ರಮ ಮತ್ತು ವ್ಯಾಂಪೈರ್' ಎಂದು ಹೆಸರಿಟ್ಟ. ಆದರೆ ಬೇತಾಳ ಯಾರದೋ ಹೆಣದೊಳಗೆ ಹೊಕ್ಕು ಮರಕ್ಕೆ ನೇತಾಡುವ, ರಾಜನ ಬೆನ್ನೇರಿ ಒಗಟು ಕೇಳುವ ಬೇರೊಂದು ಶಕ್ತಿ. ಅದು ಸತ್ತವನೇ ಅಲ್ಲ. ನಮ್ಮ ದೆವ್ವಗಳೂ ಬಹುಮಟ್ಟಿಗೆ ಮೈಮೇಲೆ ಬರುತ್ತವೆ, ಮಾತಾಡುತ್ತವೆ, ಬೇಕಾದ್ದನ್ನು ಕೇಳುತ್ತವೆ. ಹೆಣ ಅದರ ಪಾಡಿಗೆ ಮಣ್ಣಲ್ಲೋ ಬೂದಿಯಲ್ಲೋ ಇರುತ್ತದೆ. ಬಾಲ್ಕನ್ನಿನ ಭಯವೆಲ್ಲ ಆ ಹೆಣದ ಮೇಲೇ ನೆಟ್ಟಿತ್ತು. ಅದಕ್ಕೇ ಅಲ್ಲಿ ಪರಿಹಾರಕ್ಕೆ ಗುದ್ದಲಿ ಬೇಕಾಯಿತು.

ಡ್ರಾಕುಲಾಗೆ ಐದು ವರ್ಷ ಮುನ್ನ

ಸ್ಟೋಕರನ ಟಿಪ್ಪಣಿಗಳ ನಡುವೆ 1896ರ ನ್ಯೂಯಾರ್ಕ್ ಪತ್ರಿಕೆಯ ತುಣುಕೊಂದಿದೆ. ಅಮೆರಿಕದ ಈಶಾನ್ಯ ಸೀಮೆಯ ಹಳ್ಳಿಗಳಲ್ಲಿ ಈಗಲೂ ಹೆಣ ತೆಗೆದು ಸುಡುತ್ತಾರೆ ಎಂಬ ಸುದ್ದಿ ಅದರಲ್ಲಿತ್ತು. ಅಲ್ಲಿನ ರೈತರು ವ್ಯಾಂಪೈರ್ ಎಂಬ ಮಾತನ್ನು ಆಡುತ್ತಿರಲಿಲ್ಲ, ಅದು ಪತ್ರಿಕೆಯವರು ಕೊಟ್ಟ ಹೆಸರು. ಅವರು ಹೆದರಿದ್ದು ಕ್ಷಯಕ್ಕೆ.

ರೋಡ್ ಐಲ್ಯಾಂಡಿನ ಎಕ್ಸೆಟರ್ ಎಂಬ ಊರಿನ ಜಾರ್ಜ್ ಬ್ರೌನ್ ಎಂಬ ರೈತನ ಹೆಂಡತಿ ಕ್ಷಯದಿಂದ ಸತ್ತಿದ್ದಳು. ಆಮೇಲೆ ಹಿರಿಯ ಮಗಳೂ ಹೋದಳು. 1892ರ ಜನವರಿಯಲ್ಲಿ ಹತ್ತೊಂಬತ್ತರ ಮಗಳು ಮರ್ಸಿ ತೀರಿಕೊಂಡಳು. ಮಗ ಎಡ್ವಿನ್ ಹಾಸಿಗೆ ಹಿಡಿದಿದ್ದ. ಕ್ಷಯದ ಸೂಕ್ಷ್ಮಜೀವಿಯನ್ನು ರಾಬರ್ಟ್ ಕೋಖ್ ಕಂಡುಹಿಡಿದು ಹತ್ತು ವರ್ಷವಾಗಿದ್ದರೂ ಅದಕ್ಕೆ ಔಷಧಿ ಇರಲಿಲ್ಲ. ಸತ್ತವರಲ್ಲಿ ಯಾರೋ ಎಡ್ವಿನ್‌ನ ಜೀವ ತಿನ್ನುತ್ತಿದ್ದಾರೆ, ನೋಡಿಬಿಡೋಣ ಎಂದು ನೆರೆಯವರು ತಂದೆಯನ್ನು ಒತ್ತಾಯಿಸಿದರು. ಅವನಿಗೆ ನಂಬಿಕೆ ಇರಲಿಲ್ಲ, ಬೇಡ ಎನ್ನುವ ಧೈರ್ಯವೂ ಇರಲಿಲ್ಲ.

ಮಾರ್ಚ್ 17ರಂದು ಗೋರಿ ತೆರೆದರು. ತಾಯಿ, ಅಕ್ಕ ಹಲವು ವರ್ಷದ ಹಿಂದಿನವರು, ಅವರಲ್ಲಿ ರಕ್ತವಿರಲಿಲ್ಲ. ಮರ್ಸಿಯ ಹೆಣ ಚಳಿಗಾಲದ ಎರಡು ತಿಂಗಳು ನೆಲದ ಮೇಲಿನ ಕಲ್ಲಿನ ಕೋಣೆಯಲ್ಲಿತ್ತು. ಅವಳ ಹೃದಯದಲ್ಲಿ ರಕ್ತ ಕಂಡಿತು. ಇಷ್ಟು ದಿನಕ್ಕೆ ಇದು ಸಹಜ, ಶ್ವಾಸಕೋಶದಲ್ಲಿ ಕ್ಷಯದ ಗುರುತೇ ಇದೆ ಎಂದು ಅಲ್ಲಿದ್ದ ಡಾಕ್ಟರ್ ಹೇಳಿದರು. ಯಾರೂ ಕೇಳಲಿಲ್ಲ. ಹೃದಯ ಮತ್ತು ಪಿತ್ತಜನಕಾಂಗವನ್ನು ಹತ್ತಿರದ ಬಂಡೆಯ ಮೇಲೆ ಸುಟ್ಟರು. ತಂಗಿಯ ಬೂದಿಯನ್ನು ನೀರಿಗೆ ಕಲಸಿ ಎಡ್ವಿನ್‌ಗೆ ಕುಡಿಸಿದರು. ಅವನು ಮೇ 2ರಂದು ತೀರಿಕೊಂಡ.